150 ಎಂಎಂ ಪೈಪಿನಲ್ಲಿ ಕಳೆದುಹೋದ ನೀರು

ಊರಿನ ಕೊನೆಯ ಬಡಾವಣೆಯಿಂದ ಬಂದ ದೂರು ವಿಚಿತ್ರವಾಗಿತ್ತು. ರಾತ್ರಿ ಪ್ರೆಷರ್ ಚೆನ್ನಾಗಿದೆ, ಬೆಳಿಗ್ಗೆ ಆರು ಗಂಟೆಗೆ ನಲ್ಲಿಯಲ್ಲಿ ದಾರದಷ್ಟು ನೀರು. ಅಲ್ಲಿಗೆ ಹೋಗುವುದು ಹಳೆಯ ಬೀಡುಕಬ್ಬಿಣದ 150 ಎಂಎಂ ಪೈಪು, ಒಳಗೆ ಸಿಮೆಂಟ್ ಲೈನಿಂಗ್ ಇಲ್ಲ. ನೀರು ಹರಿಯದೆ ನಿಂತಾಗ ಉಜ್ಜಾಟವೂ ಇಲ್ಲ, ಅದಕ್ಕೇ ರಾತ್ರಿ ಗೇಜ್ ನೋಡಿದರೆ ಎಲ್ಲಾ ಸರಿ ಅನ್ನಿಸುತ್ತದೆ. ಪೈಪಿನ ನಿಜಬಣ್ಣ ಗೊತ್ತಾಗುವುದು ನೀರು ಓಡುವಾಗ.

ಹಾಗಾಗಿ 600 ಮೀಟರ್ ಉದ್ದದ ಒಂದು ತುಂಡನ್ನು ಆರಿಸಿಕೊಂಡು, ಮಧ್ಯದ ಕವಲು ವಾಲ್ವ್‌ಗಳನ್ನೆಲ್ಲ ಮುಚ್ಚಿಸಿದೆ. ಎರಡೂ ತುದಿಗೆ ಒಂದೊಂದು ಗೇಜ್, ನೀರು ಬರುವ ಕಡೆಯದು ಮೇಲಿನದು, ನೀರು ಹೋಗುವ ಕಡೆಯದು ಕೆಳಗಿನದು. ಮೊದಲು ಕೊನೆಯ ವಾಲ್ವ್ ಪೂರ್ತಿ ಮುಚ್ಚಿ ಓದಿದೆ. ಮೇಲಿನ ಗೇಜ್‌ಗಿಂತ ಕೆಳಗಿನದು 2 ಮೀಟರ್ ಕಡಿಮೆ ತೋರಿಸಿತು. ಅಂದರೆ ಆ ತುದಿಯ ನೆಲ ಅಷ್ಟು ಎತ್ತರ. ಲೆವೆಲ್ ಉಪಕರಣ ತರುವ ಕೆಲಸವೇ ಇಲ್ಲ, ಎರಡು ಗೇಜ್‌ಗಳ ನಡುವಿನ ತಪ್ಪೂ ಇದರಲ್ಲೇ ಕಳೆದುಹೋಗುತ್ತದೆ.

ಆಮೇಲೆ ವಾಲ್ವ್ ತೆಗೆದು ಕೊನೆಯಲ್ಲಿದ್ದ ಸಂಪಿಗೆ ನೀರು ಬಿಟ್ಟೆವು. ಸಂಪು 4 ಮೀಟರ್‌ಗೆ 3 ಮೀಟರ್. ಹತ್ತು ನಿಮಿಷದಲ್ಲಿ ನೀರು 55 ಸೆಂ.ಮೀ. ಏರಿತು, ಅಂದರೆ 6,600 ಲೀಟರ್, ಸೆಕೆಂಡಿಗೆ 11 ಲೀಟರ್. ಆಗ ಮೇಲಿನ ಗೇಜ್ 2.1, ಕೆಳಗಿನದು 1.0 ಕೆಜಿ. ಒಂದು ಕೆಜಿ ಪ್ರೆಷರ್ ಅಂದರೆ 10 ಮೀಟರ್ ನೀರು, ಹಾಗಾಗಿ ವ್ಯತ್ಯಾಸ 11 ಮೀಟರ್, ಎತ್ತರದ 2 ಕಳೆದರೆ ಪೈಪು ತಿಂದದ್ದು 9 ಮೀಟರ್. ಇಷ್ಟು ನಷ್ಟಕ್ಕೆ ಎಷ್ಟು ನೀರು ಹರಿಯಬೇಕು ಅನ್ನುವುದಕ್ಕೆ ಹೇಜನ್-ವಿಲಿಯಮ್ಸ್ ಸೂತ್ರವಿದೆ.

```
Q = 0.2785 × C × D^2.63 × S^0.54
```

Q ಸೆಕೆಂಡಿಗೆ ಹರಿಯುವ ನೀರು, ಘನ ಮೀಟರ್ ಲೆಕ್ಕದಲ್ಲಿ. D ಒಳವ್ಯಾಸ 0.15 ಮೀಟರ್. S ಅಂದರೆ 9 ಭಾಗಿಸು 600, 0.015. C ಪೈಪಿನ ನುಣುಪು, ಹೊಸ ಬೀಡುಕಬ್ಬಿಣಕ್ಕೆ 130. ಆ ಲೆಕ್ಕಕ್ಕೆ ಸೆಕೆಂಡಿಗೆ 25.5 ಲೀಟರ್ ಬರಬೇಕಿತ್ತು. ನಮಗೆ ಸಿಕ್ಕ 11ರಿಂದ ತಿರುಗಿಸಿ ಲೆಕ್ಕ ಹಾಕಿದರೆ C ಬರೀ 56.

ತಕ್ಷಣ ತುಕ್ಕಿನ ಮೇಲೆ ಹೊರಿಸಲಿಲ್ಲ. ಯಾವುದೋ ವಾಲ್ವ್ ಅರ್ಧ ಮುಚ್ಚಿದ್ದರೂ ಇದೇ ಅಂಕಿ ಬರುತ್ತದೆ. ಸರಿಯಾಗಿ 300 ಮೀಟರ್‌ನಲ್ಲಿ ಮೂರನೇ ಗೇಜ್ ಕೂರಿಸಿದೆ. ಅಲ್ಲಿಗೆ ನಷ್ಟ ಹತ್ತಿರ ಹತ್ತಿರ ಅರ್ಧ. ವಾಲ್ವ್ ಆಗಿದ್ದರೆ ಒಂದೇ ಕಡೆ ದಿಢೀರನೆ ಬೀಳುತ್ತಿತ್ತು. ಇದು ಉದ್ದಕ್ಕೂ ಸಮನಾಗಿ ತಿನ್ನುತ್ತಿತ್ತು.

ಒಂದು ಮೀಟರ್ ಪೈಪು ಕತ್ತರಿಸಿ ಹೊರಗೆ ತೆಗೆದೆವು. ಒಳಗೆ ಹಾಗಲಕಾಯಿ ಸಿಪ್ಪೆಯ ಹಾಗೆ ಗಂಟು ಗಂಟು. ಒಂದನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದೆ. ಮೇಲೆ ಗಟ್ಟಿ ಕಂದು ಹೊರಪದರ, ಅದರೊಳಗೆ ಮೆತ್ತನೆ ಕಪ್ಪು ಕೆಸರು, ಅದರಡಿ ಕಬ್ಬಿಣದಲ್ಲಿ ಚಿಕ್ಕ ಗುಳಿ. ಕರಗಿದ ಕಬ್ಬಿಣ ಇಷ್ಟೇ, ಆದರೆ ಅದು ತುಕ್ಕಾಗಿ ಹಿಡಿಯುವ ಜಾಗ ಅದರ ಹಲವು ಪಟ್ಟು.

"ಸಾರ್, ತೂತು ಕಟ್ಕೊಂಡಿದೆ, ಅಷ್ಟೇ" ಅಂದರು ನಮ್ಮ ವಾಟರ್‌ಮನ್. ಅಷ್ಟೇನಾ ಅಂತ ನೋಡಲು, ಆ ತುಂಡಿನ ಒಂದು ತುದಿ ಬಿಗಿಯಾಗಿ ಮುಚ್ಚಿ, ನಿಲ್ಲಿಸಿ, ಅಳತೆ ಮಾಡಿ ನೀರು ಸುರಿದೆವು. ಹೊಸ ಪೈಪಾದರೆ ಹದಿನೇಳೂವರೆ ಲೀಟರ್ ದಾಟಿ ಹಿಡಿಯಬೇಕು. ಇದು ಹಿಡಿದದ್ದು 14. ಹಾಗಾದರೆ ಸರಾಸರಿ ಒಳವ್ಯಾಸ 133 ಎಂಎಂ. 133 ಎಂಎಂ ಪೈಪು ನುಣುಪಾಗಿಯೇ ಇದ್ದಿದ್ದರೆ ಅದೇ 9 ಮೀಟರ್‌ಗೆ ಸುಮಾರು 18.5 ಲೀಟರ್ ಸಾಗಿಸುತ್ತಿತ್ತು. ಅಂದರೆ ಬಾಯಿ ಕಿರಿದಾಗಿ ಹೋದದ್ದು 7 ಲೀಟರ್. ಅಲ್ಲಿಂದ 11ಕ್ಕೆ ಇಳಿಸಿದ್ದು ಗಂಟುಗಳ ಒರಟು. ಕಣ್ಣಿಗೆ ಕಾಣುವ ಇಕ್ಕಟ್ಟಿಗಿಂತ ಒರಟೇ ತುಸು ಜಾಸ್ತಿ ತಿಂದಿತ್ತು.

ದೊಡ್ಡ ಮೋಟಾರ್ ಹಾಕಿಬಿಡಿ ಅನ್ನುವವರು ಎಲ್ಲಾ ಊರಲ್ಲೂ ಇರುತ್ತಾರೆ. ನೀರು ಎರಡು ಪಟ್ಟು ಬೇಕಾದರೆ ನಷ್ಟ ಸುಮಾರು 3.6 ಪಟ್ಟಾಗುತ್ತದೆ. 9 ಮೀಟರ್ ಹೋಗಿ 32 ಮೀಟರ್ ದಾಟುತ್ತದೆ. ಅದನ್ನು ನಮ್ಮ ಹಳೇ ಸೀಸದ ಜಾಯಿಂಟುಗಳ ಮೇಲೆ ಹೊರಿಸುವ ಧೈರ್ಯ ನನಗಿರಲಿಲ್ಲ.

ದುಡ್ಡು ಕಡಿಮೆ ಅಂತ ಮೊದಲು ಕೆರೆಸಿದೆವು. ಎರಡೂ ಕಡೆ ಪೈಪು ಬಿಚ್ಚಿ, ವಿಂಚ್‌ನಿಂದ ಉಕ್ಕಿನ ಬ್ರಷ್ ಎಳೆಸಿದೆವು. ಅದೇ 9 ಮೀಟರ್‌ಗೆ 19 ಲೀಟರ್ ಬಂತು, ಜನ ಖುಷಿಯಾದರು. ನಾನು ಮಾಡಿದ ತಪ್ಪು, ಕೆರೆದ ಮೇಲೆ ಲೈನಿಂಗ್ ಮಾಡಿಸದೆ ಬಿಟ್ಟದ್ದು. ಬರಿಗಬ್ಬಿಣ ಮತ್ತೆ ನೀರಿಗೆ ಒಡ್ಡಿಕೊಂಡಿತು, ಕೆಂಪು ನೀರಿನ ದೂರು ಶುರುವಾಯಿತು. 14 ತಿಂಗಳಿಗೆ ಮತ್ತೆ ಅಳೆದಾಗ 15 ಲೀಟರ್.

ಕೊನೆಗೆ ಸಿಮೆಂಟ್ ಲೈನಿಂಗ್ ಇರುವ ಡಿಐ, ಅಂದರೆ ಡಕ್ಟೈಲ್ ಕಬ್ಬಿಣದ ಪೈಪು ಹಾಕಿದೆವು. ಅಳೆದಾಗ C 135 ಬಂತು. 9 ಮೀಟರ್ ಸಿಕ್ಕರೆ 26 ಲೀಟರ್ ದಾಟಬೇಕು, ಆದರೆ ಆ 9 ಈಗ ಸಿಗುವುದಿಲ್ಲ. ಈ ತುಂಡು ಸರಾಗವಾದ ಮೇಲೆ, ಟ್ಯಾಂಕಿನಿಂದ ಇಲ್ಲಿಯವರೆಗಿನ ಹಳೇ ಪೈಪೇ ಹೆಚ್ಚು ಪ್ರೆಷರ್ ತಿನ್ನುತ್ತಿದೆ. ಗೇಜ್‌ಗಳನ್ನು ಅಲ್ಲಿಗೆ ಸಾಗಿಸಿದ್ದೇವೆ.