"11 ಸೀಟು ಖಾಲಿ ಇದೆ" ಅಂತ ಬರೆದೇ ರಜೆಯ ಬಸ್ಸು ತುಂಬಿಸಿದ್ದು: ನನ್ನ ಅನುಭವ

ಹೋದ ಲಾಂಗ್ ವೀಕೆಂಡ್‌ಗೆ ನಮ್ಮ 36 ಬರ್ತಿನ ಸ್ಲೀಪರ್ ಹೊರಡೋಕೆ ಎರಡು ದಿನ ಇರುವಾಗಲೇ ತುಂಬಿತು. "ಕೆಲವೇ ಸೀಟು ಬಾಕಿ, ತ್ವರೆ ಮಾಡಿ" ಅಂತ ಒಂದು ಸಲವೂ ಬರೆದಿರಲಿಲ್ಲ. "20% ರಿಯಾಯಿತಿ" ಅಂತಲೂ ಬರೆದಿರಲಿಲ್ಲ. ಎಷ್ಟು ಸೀಟು ಖಾಲಿ ಇದೆಯೋ ಅಷ್ಟೇ, ಎಷ್ಟು ಕೊಡಬೇಕೋ ಅಷ್ಟೇ ಬರೆದು ಕಳಿಸಿದ್ದೆ.

ಇದಕ್ಕೆ ಮೊದಲು ಕೌಂಟರ್‌ನಲ್ಲಿ ಕೂರುವವರು ನನಗೆ ಹೇಳಿದ್ದು ಇಷ್ಟು: "11 ಸೀಟು ಖಾಲಿ ಇದೆ ಅಂತ ನಾವೇ ಹೇಳಿದ್ರೆ ಇವತ್ತೇ ಬುಕ್ ಮಾಡೋರು ಯಾರು?" ಮಾಲೀಕರಿಗೂ ಅದೇ ಅನುಮಾನ. ಈಗ ಅವರಿಬ್ಬರೂ ಒಪ್ಪಿದ್ದಾರೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ದುಡ್ಡಿನ ಲೆಕ್ಕ ಸುಲಭವಾಗಲಿ ಅಂತ ಮಾಮೂಲಿ ದಿನದ ಒಂದು ಟಿಕೆಟ್‌ಗೆ 100 ಎಂದು ಇಟ್ಟುಕೊಂಡಿದ್ದೇನೆ. ಅಂಕಿಗಳೆಲ್ಲ ನೆನಪಿನಿಂದ ಬಂದವು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲು ಸೋತ ಕಥೆ. ಎರಡು ವರ್ಷದ ಹಿಂದೆ ಇಂಥದೇ ಮೂರು ದಿನದ ರಜೆ ಬಂದಿತ್ತು. ನಮ್ಮ ಬಸ್ಸು ತುಂಬಿತು, ಫೋನ್ ಮಾತ್ರ ನಿಲ್ಲಲಿಲ್ಲ. "ವಿಶೇಷ ಹೆಚ್ಚುವರಿ ಬಸ್ಸು" ಅಂತ ವಾಟ್ಸಾಪ್‌ನಲ್ಲಿ ಕಳಿಸಿ 31 ಸೀಟು ಮಾರಿಬಿಟ್ಟೆ. ಬಾಡಿಗೆ ಬಸ್ಸಿನವರು ಬಾಯಿಮಾತಲ್ಲಿ ಒಪ್ಪಿದ್ದರು, ಅಡ್ವಾನ್ಸ್ ಕೊಟ್ಟಿರಲಿಲ್ಲ. ಹೊರಡುವ ಹಿಂದಿನ ದಿನ ಅವರು ಜಾಸ್ತಿ ಕೊಟ್ಟವರಿಗೆ ಬಸ್ಸು ಕೊಟ್ಟುಬಿಟ್ಟರು. 22 ಜನರಿಗೆ ದುಡ್ಡು ವಾಪಸ್ ಮಾಡಿದೆ. ವಾಪಸ್ ಮಾಡಿದರೂ ಪೇಮೆಂಟ್ ಗೇಟ್‌ವೇ ಹಿಡಿದ ಸುಮಾರು 2% ನಮಗೆ ಬರಲಿಲ್ಲ. ಹೋಗಲೇಬೇಕಿದ್ದ 9 ಜನರನ್ನು ಬೇರೆಯವರ ಬಸ್ಸಿಗೆ ಹತ್ತಿಸಿದೆ. ಅಲ್ಲಿ ಕೊನೆಗಳಿಗೆಯ ದರ 220 ಇತ್ತು, ನಾವು ತೆಗೆದುಕೊಂಡಿದ್ದು 145. ಎಲ್ಲ ಸೇರಿ ಮಾಮೂಲಿ ದಿನದ ಏಳೂವರೆ ಟಿಕೆಟ್‌ನಷ್ಟು ದುಡ್ಡು ಕೈಬಿಟ್ಟಿತು. ಅದಾದರೂ ತಡೆದುಕೊಳ್ಳಬಹುದಿತ್ತು. ಆ 31 ಜನರಲ್ಲಿ ಆಮೇಲೆ ನಮ್ಮ ಬಸ್ಸು ಹತ್ತಿದವರು ಐದಾರು ಮಂದಿ ಇರಬಹುದು ಅಷ್ಟೇ.

ಈಗ ಹೆಚ್ಚುವರಿ ಬಸ್ಸಿಗೆ ಅಡ್ವಾನ್ಸ್ ಕೊಟ್ಟು, ಗಾಡಿ ನಂಬರ್ ಕೈಗೆ ಬರುವ ತನಕ ಟಿಕೆಟ್ ಮಾರುವುದಿಲ್ಲ. ಬರೀ ಹೆಸರು ಬರೆದುಕೊಳ್ಳುತ್ತೇನೆ. ಸಂದೇಶದಲ್ಲೂ ಹಾಗೇ ಇರುತ್ತದೆ: "ಎರಡನೇ ಬಸ್ಸು ಇನ್ನೂ ಖಚಿತವಾಗಿಲ್ಲ. 20 ಜನ ಹೆಸರು ಕೊಟ್ಟರೆ ಸೋಮವಾರ ಸಂಜೆ ತಿಳಿಸುತ್ತೇವೆ. ಅಲ್ಲಿಯ ತನಕ ದುಡ್ಡು ಕಳಿಸಬೇಡಿ."

ಎರಡನೇ ಸೋಲು ದರದ್ದು, ನನಗೆ ಕಲಿಸಿದ್ದೂ ಇದೇ. ಆಗೆಲ್ಲ ನಾವು "100ರಿಂದ ಶುರು" ಅಂತ ಹಾಕುತ್ತಿದ್ದೆವು. ಆ ದರಕ್ಕೆ ಇದ್ದಿದ್ದು ಕೊನೇ ಸಾಲಿನ ಮೇಲಿನ ಮೂರು ಬರ್ತು ಮಾತ್ರ. ಉಳಿದದ್ದಕ್ಕೆ 160 ಅಂತ ಏರಿಸಿ, ಅದರ ಮೇಲೆ 20% ಕಡಿತ ತೋರಿಸಿ 128 ಮಾಡುತ್ತಿದ್ದೆವು. ದುಡ್ಡು ಕಟ್ಟುವ ಪುಟಕ್ಕೆ ಹೋದರೆ ತೆರಿಗೆ, ಬುಕಿಂಗ್ ಶುಲ್ಕ ಸೇರಿ 139. ಹಳೇ ಪ್ರಯಾಣಿಕರ ಫೋನಿನಲ್ಲಿ ಹೋದ ತಿಂಗಳ 100ರ ಟಿಕೆಟ್ ಇನ್ನೂ ಇರುತ್ತದಲ್ವಾ? ಅವರಿಗೆ ಕಡಿತ ಎಲ್ಲಿ ಕಾಣಬೇಕು?

ಸೀಟು ಆರಿಸಿಕೊಂಡ 10 ಜನರಲ್ಲಿ 6 ಜನ ಕೊನೇ ಪುಟದಲ್ಲಿ ಬಿಟ್ಟು ಹೋಗುತ್ತಿದ್ದರು. ಬಿಟ್ಟು ಹೋದರೂ ಆ ಸೀಟು 10 ನಿಮಿಷ ಹೋಲ್ಡ್‌ನಲ್ಲೇ ಇರುತ್ತದೆ. ಸಂದೇಶ ಹೋದ ಅರ್ಧ ಗಂಟೆ ಬಹಳ ಜನ ಒಟ್ಟಿಗೆ ಒಳಗೆ ಬರುತ್ತಾರೆ. ಆಗ ನಿಜವಾಗಿ ಕೊಳ್ಳೋಕೆ ಬಂದವರಿಗೆ ಒಳ್ಳೆ ಸೀಟೆಲ್ಲ ಹೋದಂತೆ ಕಾಣುತ್ತಿತ್ತು. ಅವರೂ ವಾಪಸ್ ಹೋಗುತ್ತಿದ್ದರು. ಸಂಜೆ ನೋಡಿದರೆ ಅವೇ ಸೀಟು ಖಾಲಿ. ದರವನ್ನು ಮುಚ್ಚಿಟ್ಟಿದ್ದರಿಂದ ಸೀಟಿನ ಲೆಕ್ಕವೇ ಕೆಟ್ಟುಹೋಗುತ್ತಿತ್ತು. ಇದು ನನಗೆ ಗೊತ್ತಾಗಿದ್ದು ಒಂದು ಬೆಳಗ್ಗೆ ಸುಮ್ನೆ ಸೀಟ್ ಚಾರ್ಟ್ ತೆರೆದಿಟ್ಟುಕೊಂಡು ಒಂದು ಗಂಟೆ ಕೂತಾಗ. ಕಿಟಕಿ ಪಕ್ಕದ ಕೆಳಗಿನ ಒಂದೇ ಬರ್ತು ಐದು ಸಲ ಬೂದು ಬಣ್ಣಕ್ಕೆ ತಿರುಗಿ, ಐದು ಸಲವೂ ವಾಪಸ್ ಖಾಲಿಯಾಯಿತು.

ಹಾಗಾಗಿ ಮೊದಲು ಸರಿ ಮಾಡಿದ್ದು ದರ. ಇಡೀ ಬಸ್ಸಿಗೆ ಒಂದೇ ದರ 145, ತೆರಿಗೆ ಶುಲ್ಕ ಎಲ್ಲ ಸೇರಿ. ಸಂದೇಶದಲ್ಲಿರುವ ಅಂಕಿಯೇ ದುಡ್ಡು ಕಟ್ಟುವ ಪುಟದಲ್ಲೂ ಇರಬೇಕು. ಮಾಲೀಕರು ಒಪ್ಪಲಿಲ್ಲ. "ಏನಪ್ಪಾ, 128 ಅಂತ ಹಾಕೋ ಕಡೆ 145 ಅಂತ ಹಾಕಿದ್ರೆ ಪಕ್ಕದ ಬಸ್ಸಿಗೆ ಹೋಗ್ತಾರೆ" ಅಂದರು. "ಸಾರ್, ಒಂದು ರಜೆ ನನಗೆ ಬಿಡಿ" ಅಂತ ಕೇಳಿಕೊಂಡೆ. ದರ ಯಾಕೆ ಜಾಸ್ತಿ ಅನ್ನೋದನ್ನೂ ಬರೆದೆ. ರಜೆಯ ಹಿಂದಿನ ರಾತ್ರಿ ತುಂಬಿ ಹೋಗುವ ಬಸ್ಸು ಮರುದಿನ ಹೆಚ್ಚುಕಡಿಮೆ ಖಾಲಿ ಬರುತ್ತದೆ. ಆ ಖರ್ಚು ಹೋಗುವವರ ಟಿಕೆಟ್ ಮೇಲೇ ಬೀಳುತ್ತದೆ. ಇದರಲ್ಲಿ ಮುಚ್ಚಿಡೋದು ಏನಿದೆ?

ಆಮೇಲೆ ಸೀಟಿನ ಲೆಕ್ಕ. ನಮ್ಮ 36ರಲ್ಲಿ ಆನ್‌ಲೈನ್‌ಗೆ 22, ಏಜೆಂಟರಿಗೆ 8, ಕೌಂಟರ್‌ಗೆ 6. ಆನ್‌ಲೈನ್‌ನಲ್ಲಿ "ಫುಲ್" ಅಂತ ತೋರಿಸುವಾಗ ಏಜೆಂಟರ ಹತ್ತಿರ 5 ಸೀಟು ಕೊಳೆಯುತ್ತಿರುತ್ತಿತ್ತು. ಈ ಸಲ ಹೊರಡುವ 5 ದಿನ ಮೊದಲೇ ಏಜೆಂಟ್ ಕೋಟಾ ಮುಚ್ಚಿ, ಮಾರದ ಸೀಟುಗಳನ್ನೆಲ್ಲ ಒಂದೇ ಚಾರ್ಟ್‌ಗೆ ತಂದೆ. ಎರಡು ಬರ್ತು ಮಾತ್ರ ತೆಗೆದಿಟ್ಟೆ. ಬರ್ತಿನ ಬೆಲ್ಟು ಹರಿದಿರುತ್ತದೆ, ಏಸಿ ಸೋರುತ್ತದೆ, ಏನಾದರೂ ಒಂದು ಇದ್ದೇ ಇರುತ್ತದೆ. ಖಾಲಿ ಎಂದು ಬರೆಯುವ ಅಂಕಿ ಹೀಗೆ: 36ರಿಂದ ಟಿಕೆಟ್ ಆದವು, ಆ ಹೊತ್ತಿಗೆ ಹೋಲ್ಡ್‌ನಲ್ಲಿರುವವು, ತೆಗೆದಿಟ್ಟ ಎರಡು, ಇಷ್ಟನ್ನೂ ಕಳೆಯಬೇಕು.

ಇದರ ಜೊತೆ ಇನ್ನೊಂದು ಅಂಕಿ ಬೇಕೇಬೇಕು, ಅದು ಜೋಡಿ ಸೀಟಿನದು. 11 ಖಾಲಿ ಎಂದರೆ ನಾಲ್ಕು ಜನರ ಕುಟುಂಬ ಸಲೀಸಾಗಿ ಕೂರಬಹುದು ಅನಿಸುತ್ತದೆ. ಬಸ್ಸಿನೊಳಗೆ ನೋಡಿದರೆ 11ರಲ್ಲಿ 5 ಒಂಟಿ ಬರ್ತು, ಅದೂ ಒಂದೊಂದು ಒಂದೊಂದು ಕಡೆ. ಅವರು ಚಾರ್ಟ್ ತೆರೆದು, ಪರದಾಡಿ, ಬೈದುಕೊಂಡು ಹೋಗುತ್ತಾರೆ. ಆ ಪರದಾಟದಲ್ಲೂ ಸೀಟು ಹೋಲ್ಡ್ ಆಗುತ್ತದೆ. ಹೊರಡೋಕೆ ಐದು ದಿನ ಇರುವಾಗ ಹೋದ ಸಂದೇಶ ಇದು:

"ಗುರುವಾರ ರಾತ್ರಿ 10ರ ಸ್ಲೀಪರ್. ಇವತ್ತು ಬೆಳಗ್ಗೆ 10 ಗಂಟೆಗೆ 11 ಸೀಟು ಖಾಲಿ: ಅಕ್ಕಪಕ್ಕದ ಜೋಡಿ 3, ಒಂಟಿ 5. ದರ 145, ಎಲ್ಲ ಸೇರಿ, ಎಲ್ಲ ಸೀಟಿಗೂ ಒಂದೇ. ಮಾಮೂಲಿ ದಿನ 100. ವಾಪಸ್ ಬಸ್ಸು ಖಾಲಿ ಬರುವುದರಿಂದ ರಜೆಗೆ ಜಾಸ್ತಿ. ಶುಕ್ರವಾರ ಬೆಳಗ್ಗೆ 6ಕ್ಕೆ ಹೊರಡುವುದಾದರೆ 110, ಅದರಲ್ಲಿ ಬೇಕಾದಷ್ಟು ಜಾಗ ಇದೆ."

ಬೆಳಗ್ಗೆ 6ರ ಬಸ್ಸಿನ ಸಾಲು ಹಾಕುವಾಗ ಎಲ್ಲರೂ ತಡೆದರು. ನಮ್ಮದೇ ಅಗ್ಗದ ಬಸ್ಸನ್ನು ನಾವೇ ತೋರಿಸಿದರೆ ರಾತ್ರಿ ಬಸ್ಸು ತುಂಬುತ್ತಾ ಅಂತ. ತುಂಬಿತು. ಬೆಳಗಿನ ಬಸ್ಸಿಗೂ ಎಂದಿಗಿಂತ ಹನ್ನೆರಡು ಹದಿಮೂರು ಜನ ಜಾಸ್ತಿ ಬಂದರು. ರಜೆಯಲ್ಲಿ ನಿಜವಾದ ಕಡಿತ ಕೊಡೋಕೆ ಜಾಗ ಇರೋದು ಇಂಥ ಬಸ್ಸಿನಲ್ಲೇ.

ಸಂದೇಶವನ್ನು ಒಟ್ಟಿಗೆ ಎಲ್ಲರಿಗೂ ಕಳಿಸಬೇಡಿ. ನಮ್ಮ ಪಟ್ಟಿಯಲ್ಲಿ ಸುಮಾರು 800 ಹಳೇ ಪ್ರಯಾಣಿಕರು ಇದ್ದಾರೆ. ಮೊದಲ ಸಲ 800ಕ್ಕೂ ಒಂದೇ ಸಲ ಹೋಗಿ, 20 ನಿಮಿಷದಲ್ಲಿ ನಮ್ಮ ಅಂಕಿ ಸುಳ್ಳಾಗಿತ್ತು. ಈಗ 150ರ ಗುಂಪು ಮಾಡಿ, ಪ್ರತಿ ಗುಂಪಿಗೂ ಹೊಸದಾಗಿ ಎಣಿಸಿ, ಹೊಸ ಸಮಯ ಹಾಕಿ ಕಳಿಸುತ್ತೇನೆ. ಮೊದಲ 150 ಜನ ಯಾರು, ಅವರನ್ನು ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಾನು ಮೂರು ರಜೆ ಕಷ್ಟಪಟ್ಟು ಕಂಡುಕೊಂಡದ್ದು. ಖಾಲಿ ಸೀಟು 4ಕ್ಕೆ ಇಳಿದ ಮೇಲೆ ಅಂಕಿ ಬರೆಯುವುದನ್ನು ನಿಲ್ಲಿಸಿ, "ಬುಕ್ ಮಾಡುವ ಮೊದಲು ಫೋನ್ ಮಾಡಿ" ಎಂದು ಹಾಕುತ್ತೇನೆ. ಅಷ್ಟು ಕಡಿಮೆ ಇರುವಾಗ ಯಾವ ಅಂಕಿಯೂ ಓದುವ ಹೊತ್ತಿಗೆ ನಿಜವಾಗಿರುವುದಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಅಕ್ಷರದ ಬದಲು ಸೀಟ್ ಚಾರ್ಟಿನ ಫೋಟೋ ಕಳಿಸಿದೆ. ನೋಡೋಕೆ ಚೆನ್ನಾಗಿತ್ತು, ಜನ ಖುಷಿಯಿಂದ ಫಾರ್ವರ್ಡ್ ಮಾಡಿದರು. ಎರಡು ದಿನದ ನಂತರವೂ ಅದೇ ಫೋಟೋ ಯಾವುದೋ ಗುಂಪಿನಲ್ಲಿ ಓಡಾಡುತ್ತಿತ್ತು. "ಚಿತ್ರದಲ್ಲಿ 14 ನಂಬರ್ ಖಾಲಿ ಇದೆಯಲ್ಲ ಸಾರ್" ಅಂತ ಜಗಳಕ್ಕೇ ಬಂದರು. ಕಳಿಸಲೇಬೇಕು ಎಂದರೆ ದಿನಾಂಕ, ಸಮಯವನ್ನು ಚಾರ್ಟಿನ ಮಧ್ಯದಲ್ಲೇ ದೊಡ್ಡದಾಗಿ ಬರೆಯಿರಿ. ಮೂಲೆಯಲ್ಲಿ ಹಾಕಿದರೆ ಕತ್ತರಿಸಿ ಕಳಿಸುತ್ತಾರೆ.

ಬಸ್ಸು ತುಂಬಿದ ದಿನ "ತುಂಬಿದೆ, ಇನ್ನು ಸೀಟಿಲ್ಲ" ಎಂದು ಎಲ್ಲರಿಗೂ ತಿಳಿಸಿದೆ. ಕಾಯುವ ಪಟ್ಟಿಗೆ ಹೆಸರು ಕೊಡಬಹುದು ಎಂದೂ ಬರೆದೆ. 17 ಹೆಸರು ಬಂದವು. ಆಮೇಲೆ ಮೂರು ಟಿಕೆಟ್ ರದ್ದಾದವು, ಒಂದೊಂದೂ ಒಂದು ಗಂಟೆಯೊಳಗೆ ಅದೇ 145ಕ್ಕೆ ಹೋಯಿತು. ಹೊರಡುವ ದಿನ ಮಧ್ಯಾಹ್ನ ಬಸ್ಸು ನೋಡಿಕೊಂಡು, ತೆಗೆದಿಟ್ಟ ಎರಡು ಬರ್ತನ್ನೂ ಆ ಪಟ್ಟಿಗೇ ಕೊಟ್ಟೆ. ಒಟ್ಟು 5,200ರಷ್ಟು ಬಂತು. 128ರ ಆಟ ಆಡಿದ ರಜೆಯಲ್ಲಿ ಇದೇ ಬಸ್ಸಿಗೆ ಬಂದಿದ್ದು 4,100 ಹತ್ತಿರ. ಆಗ ಕೊನೇ ದಿನ ಎಂಟು ಸೀಟನ್ನು 95ಕ್ಕೆ ಸುರಿದು, ನಾಲ್ಕು ಖಾಲಿ ಹೋಗಿತ್ತು. ಮುಂಚೆ 139 ಕೊಟ್ಟವರು ಬಸ್ಸಿನೊಳಗೆ ಪಕ್ಕದವರ ಟಿಕೆಟ್ ನೋಡಿ ಕೇಳಿದ ಮಾತು ಬೇರೆ. ಈ ಸಲ ದುಡ್ಡು ಕಟ್ಟುವ ಪುಟದಲ್ಲಿ ಬಿಟ್ಟು ಹೋದವರು 10ಕ್ಕೆ 3 ಜನ ಇರಬಹುದು.

ಒಂದು ಕಡೆ ಈ ಲೆಕ್ಕ ಕೈಕೊಡುತ್ತದೆ. ಬಸ್ಸು ಕೆಟ್ಟು 30 ಬರ್ತಿನ ಬದಲಿ ಗಾಡಿ ಬಂದರೆ, ತೆಗೆದಿಟ್ಟ ಎರಡು ಯಾವ ಮೂಲೆಗೆ? ಅದಕ್ಕೆ ಟಿಕೆಟ್ ಮೇಲೆಯೇ ಬರೆದಿದ್ದೇನೆ: ಗಾಡಿ ಬದಲಾಗಿ ಸೀಟು ಸಿಗದಿದ್ದರೆ ಪೂರ್ತಿ ದುಡ್ಡು ಅದೇ ದಿನ ವಾಪಸ್, ಗೇಟ್‌ವೇ ಹಿಡಿದದ್ದು ನಮ್ಮ ಲೆಕ್ಕಕ್ಕೆ.

ನಾವು ಬಾಡಿಗೆಗೆ ಕಳಿಸುವ ಕ್ಯಾಬಿಗೂ ಇದೇ ದಾರಿ ಹಿಡಿದಿದ್ದೇನೆ, ಅಲ್ಲಿ ಮಾತು ಸ್ವಲ್ಪ ಬೇರೆ. ಕ್ಯಾಬಿನಲ್ಲಿ ಜಗಳ ಹುಟ್ಟುವುದು ಕಿಲೋಮೀಟರಿನಿಂದ. ದಿನಕ್ಕೆ ಕನಿಷ್ಠ 300 ಕಿ.ಮೀ. ಎಂಬ ಷರತ್ತು ಸಣ್ಣ ಅಕ್ಷರದಲ್ಲಿರುತ್ತದೆ. ಎರಡು ದಿನ ಹೋಗಿ 420 ಓಡಿದವರಿಗೆ 600ರ ಬಿಲ್ ಬರುತ್ತದೆ. ಮೀಟರ್ ಮನೆ ಬಾಗಿಲಿಂದಲ್ಲ, ಗ್ಯಾರೇಜಿನಿಂದ ಗ್ಯಾರೇಜಿಗೆ ಓಡುತ್ತದೆ ಅನ್ನೋದೂ ಆಗಲೇ ಗೊತ್ತಾಗುವುದು. ಈಗ ಕಿಲೋಮೀಟರ್ ದರವನ್ನು ತಲೆಬರಹದಿಂದಲೇ ತೆಗೆದಿದ್ದೇನೆ. ಅದರ ಬದಲು ಒಂದು ಪೂರ್ತಿ ಬಿಲ್ ಹಾಕುತ್ತೇನೆ: ಎರಡು ದಿನ, 420 ಓಡಿದರೂ 600ಕ್ಕೆ ಬಿಲ್, ಚಾಲಕರ ರಾತ್ರಿ ಭತ್ಯೆ ಸೇರಿದೆ, ಟೋಲ್ ಮತ್ತು ಪಾರ್ಕಿಂಗ್ ರಸೀದಿ ನೋಡಿ ನೀವು ಕೊಡಬೇಕು. ಕೇಳಿ ಫೋನ್ ಮಾಡುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಬುಕಿಂಗ್ ಮಾತ್ರ ಮೊದಲಿನಷ್ಟೇ ಇದೆ, ಇಳಿಯುವಾಗ ಬಿಲ್ ಹಿಡಿದು ನಿಲ್ಲುವವರು ಇಲ್ಲ.