ಇಳಿಯುವ ಲಿಫ್ಟಿಗೆ ಪಂಪ್ ಯಾಕೆ ಬದಲಿಸಬೇಕು?

ಬ್ರಹ್ಮಾವರದ ಹತ್ತಿರ ನಮ್ಮ ಗದ್ದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಬಾಡಿಗೆಗೂ ಹೋಗುತ್ತದೆ. ಕಳೆದ ಮಳೆಗೆ ಅದರ ಹೈಡ್ರಾಲಿಕ್ ಲಿಫ್ಟಿನಲ್ಲಿ ರೋಟವೇಟರ್ ಎತ್ತಿದರೆ ನಿಧಾನ, ಎತ್ತಿಟ್ಟರೆ ತಾನಾಗಿಯೇ ಇಳಿಯುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ, "ಪಂಪ್ ಹೋಗಿದೆ ಮಾರಾಯ್ರೆ." ಪಂಪಿಗೇ ಏಳೆಂಟು ಸಾವಿರ, ಕೂಲಿ ಬೇರೆ. ನಾನು ಒಪ್ಪಲಿಲ್ಲ. ಇಂಜಿನ್ ಬಂದ್ ಮಾಡಿದ ಮೇಲೂ ಇಳಿಯುತ್ತಿದೆ, ಆಗ ಪಂಪ್ ತಿರುಗುವುದೇ ಇಲ್ಲ ಅಲ್ವಾ?

ಎತ್ತಲು ನಿಧಾನವಾಗಿದ್ದು ಬೇರೆಯೇ ರೋಗ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ ಆಯಿಲ್ ಕಡ್ಡಿ ನೋಡಿದೆ. ಮಟ್ಟ ಕಡಿಮೆ, ಬಣ್ಣ ಹಾಲು ಹಾಕಿದ ಚಹಾದ ಹಾಗೆ. ಕೆಸರು ಗದ್ದೆಯಲ್ಲಿ ಸೀಲ್ ದಾಟಿ ನೀರು ಹೋಗಿದೆ. ಸೀಲ್ ಬದಲಿಸಿ, ಸ್ಟ್ರೈನರ್ ತೊಳೆದು ಹೊಸ ಆಯಿಲ್ ಹಾಕಿದೆ. ಸುಮಾರು ಏಳು ಸಾವಿರ ಆಯಿಲಿಗೇ ಹೋಯಿತು. ಎತ್ತುವುದು ಸರಿಯಾಯಿತು, ಇಳಿಯುವುದು ನಿಲ್ಲಲಿಲ್ಲ. ಅರ್ಧ ಗಂಟೆಗೆ ಒಂದು ಗೇಣು.

ದಪ್ಪ ಗೇರ್ ಆಯಿಲ್ ಬೆರೆಸಿದರೆ ನಿಲ್ಲುತ್ತದೆ ಎಂದು ನೆರೆಯವರು ತಮ್ಮ ಹಳೇ ಗಾಡಿಯಲ್ಲಿ ಮಾಡಿ ತೋರಿಸಿದರು. ಇಳಿಯುವುದೇನೋ ಸ್ವಲ್ಪ ತಗ್ಗಿತು. ಆದರೆ ಬೆಳಿಗ್ಗೆ ಪಂಪ್ ಕಿರುಚಲು ಶುರು, ಲಿಫ್ಟ್ ಏಳಲು ಒದ್ದಾಟ. ನಾನು ಆ ದಾರಿಗೆ ಹೋಗಲಿಲ್ಲ.

ಸೋರುವುದು ಪಿಸ್ಟನ್ನಿನಲ್ಲೋ ಕಂಟ್ರೋಲ್ ವಾಲ್ವಿನಲ್ಲೋ ತಿಳಿಯಬೇಕಿತ್ತು. ರೋಟವೇಟರ್ ಎತ್ತಿ, ಇಂಜಿನ್ ನಿಲ್ಲಿಸಿ, ಸೀಟಿನ ಕೆಳಗಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ. ರೋಟವೇಟರ್ ಕೆಳಗೆ ಯಾರನ್ನೂ ಬಿಡಲಿಲ್ಲ. ಸಿಲಿಂಡರಿನ ತೆರೆದ ಬಾಯಿಯಿಂದ ಆಯಿಲ್ ಜಿನುಗುವುದು ಕಂಡಿತು. ವಾಲ್ವ್ ಕಡೆ ಒಣಗಿತ್ತು. ಪಿಸ್ಟನ್ ಓ-ರಿಂಗ್ ಎಂದು ಅಲ್ಲಿಗೇ ಖಾತ್ರಿ.

ರೋಟವೇಟರ್ ಇಳಿಸಿ, ಕಳಚಿಟ್ಟು, ಅಂಗಳದ ಮಾವಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಲಿಫ್ಟ್ ಕವರ್ ಎತ್ತಿದೆವು. ಪಿಸ್ಟನ್ ತೆಗೆದಾಗ ಓ-ರಿಂಗಿನ ಅಂಚು ಇಲಿ ಕಚ್ಚಿದ ಹಾಗೆ ಹರಿದಿತ್ತು. ಹಿಂದೆ ಕೆಲಸ ಮಾಡಿದವರು ಬ್ಯಾಕಪ್ ರಿಂಗನ್ನು ಒತ್ತಡ ಬರುವ ಕಡೆಗೆ ಹಾಕಿದ್ದರು. ಅದು ಕೂರಬೇಕಾದ್ದು ತೆರೆದ ಬಾಯಿಯ ಕಡೆ, ಓ-ರಿಂಗಿಗೆ ಬೆನ್ನಾಗಿ. ಇಲ್ಲದಿದ್ದರೆ ಭಾರ ಬಿದ್ದಾಗ ಓ-ರಿಂಗ್ ಸಂದಿಗೆ ನುಗ್ಗಿ ಹರಿಯುತ್ತದೆ.

ಸಿಲಿಂಡರ್ ಒಳಗೆ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಲಿಲ್ಲ. ಸಿಕ್ಕಿದ್ದರೆ ಸಿಲಿಂಡರೇ ಬದಲಿಸಬೇಕು. ತೆಳು ತುಕ್ಕಿಗೆ ನುಣುಪು ಎಮರಿ ಪೇಪರ್ ಸಾಕಾಯಿತು. ಹೊಸ ರಿಂಗುಗಳಿಗೆ ನಾನ್ನೂರೋ ಐನೂರೋ ಆಯಿತು. ರಿಂಗ್ ಗೀರದಂತೆ ಪಿಸ್ಟನ್ ಒಳಗೆ ಬಿಡುವ ಉಪಾಯವೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ಈಗ ಸಂಜೆ ಎತ್ತಿಟ್ಟು ಗೋಡೆಗೆ ಸೀಮೆಸುಣ್ಣದ ಗೆರೆ ಹಾಕಿದರೆ, ಬೆಳಿಗ್ಗೆಗೆ ಎರಡು ಬೆರಳು ಇಳಿದಿರುತ್ತದೆ, ಅಷ್ಟೆ. ಪರೀಕ್ಷೆ ಮುಗಿದ ಮೇಲೆ ರೋಟವೇಟರ್ ನೆಲಕ್ಕೇ. ಪಂಪ್ ಹೋಗಿದೆ ಎಂದವರಲ್ಲಿ ಒಬ್ಬರು ಆಮೇಲೆ ತಮ್ಮ ಟ್ರ್ಯಾಕ್ಟರನ್ನೂ ನಮ್ಮ ಅಂಗಳಕ್ಕೇ ತಂದರು! ಅದರಲ್ಲಿ ಆಯಿಲ್ ಬರುತ್ತಿದ್ದದ್ದು ವಾಲ್ವಿನಿಂದ. ಅದನ್ನು ನಾನು ಬಿಚ್ಚಲಿಲ್ಲ. ವಾಲ್ವಿನೊಳಗೆ ಜಾರುವ ಸ್ಪೂಲ್ ಮತ್ತು ಅದರ ಮನೆ ಜೋಡಿಯಾಗಿ ತಿಕ್ಕಿ ಕೂರಿಸಿದ್ದು, ಒಂದನ್ನೇ ಬದಲಿಸಿದರೆ ಮತ್ತೆ ಸೋರುತ್ತದೆ. ಇಡೀ ವಾಲ್ವನ್ನೇ ಟೆಸ್ಟ್ ಬೆಂಚ್ ಇರುವ ವರ್ಕ್‌ಶಾಪಿಗೆ ಕಳಿಸಿದೆವು.