ಮಳೆ ವಿಮೆಯ ಕರಾರು: ಬಿದ್ದ ಮಳೆಯಲ್ಲಿ ಲೆಕ್ಕಕ್ಕೆ ಸಿಗುವುದು ಎಷ್ಟು?

ಹೊಲದಲ್ಲಿ ಬೆಳೆ ಎಷ್ಟು ಹಾಳಾಯಿತು ಎಂದು ನೋಡಲು ಈ ವಿಮೆಯಲ್ಲಿ ಯಾರೂ ಬರುವುದಿಲ್ಲ. ಗೊತ್ತುಮಾಡಿದ ಕೇಂದ್ರದ ಮಳೆಮಾಪಕ ಹೇಳಿದ್ದೇ ಪರಿಹಾರಕ್ಕೆ ಆಧಾರ. ಹಾಗಾಗಿ ಕರಾರು ಬರೆಯಲು ಕೂತಾಗ ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲಿರುತ್ತದೆ: ಎಷ್ಟು ಮಿ.ಮೀ.ಗಿಂತ ಕಡಿಮೆಯಾದರೆ ದುಡ್ಡು? ನಾನು ಅದಕ್ಕಿಂತ ಮೊದಲು ನೋಡುವುದು, ಬಿದ್ದ ಮಳೆಯಲ್ಲಿ ಯಾವುದನ್ನು ಎಣಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದನ್ನು.

ಶೇಂಗಾ ಹೂ ಬಿಟ್ಟು ಕಾಯಿ ಕಟ್ಟುವ 40 ದಿನಗಳನ್ನು ತೆಗೆದುಕೊಳ್ಳೋಣ. ಈ ಹಂತಕ್ಕೆ ಟ್ರಿಗರ್ 110 ಮಿ.ಮೀ., ಎಕ್ಸಿಟ್ 30 ಮಿ.ಮೀ. ಎಂದಿಟ್ಟುಕೊಳ್ಳಿ. ಮಳೆ 110ಕ್ಕಿಂತ ಕೆಳಗಿಳಿದಾಗ ಪರಿಹಾರ ಶುರು. 30ಕ್ಕೆ ಇಳಿದರೆ ಈ ಹಂತದ ಪೂರ್ತಿ ಪಾಲು, ಅಂದರೆ ವಿಮಾ ಮೊತ್ತದ ಶೇ. 40. ನಡುವಿನ 80 ಮಿ.ಮೀ.ಗೆ ಆ 40ನ್ನು ಹಂಚಿದರೆ ಕೊರತೆಯ ಪ್ರತಿ ಮಿ.ಮೀ.ಗೆ ಅರ್ಧ ಪರ್ಸೆಂಟ್.

ಆ 40 ದಿನಗಳಲ್ಲಿ ಕೇಂದ್ರದಲ್ಲಿ 96 ಮಿ.ಮೀ. ದಾಖಲಾಯಿತು ಎನ್ನೋಣ. ಹಾಗೇ ಕೂಡಿದರೆ ಕೊರತೆ 14, ಪರಿಹಾರ ಶೇ. 7. ಆದರೆ ಆ 96ರಲ್ಲಿ 71 ಒಂದೇ ದಿನ ಸುರಿದದ್ದು. ಅಷ್ಟನ್ನು ಮಣ್ಣು ಕುಡಿಯುವುದಿಲ್ಲ, ಬಹುಪಾಲು ಹರಿದುಹೋಗುತ್ತದೆ. ಇನ್ನು 3 ಮಿ.ಮೀ. ಬಿದ್ದದ್ದು ಬಿಡಿಬಿಡಿಯಾಗಿ, ಯಾವ ದಿನವೂ 2 ಮಿ.ಮೀ. ಮುಟ್ಟದ ತುಂತುರು, ಎಲೆಯ ಮೇಲೇ ಆರಿಹೋಗುವಂಥದ್ದು. ದಿನಕ್ಕೆ 60ಕ್ಕಿಂತ ಹೆಚ್ಚಿನದನ್ನು ಎಣಿಸಬಾರದು, 2ಕ್ಕಿಂತ ಕಡಿಮೆಯ ದಿನವನ್ನು ಸೊನ್ನೆ ಎನ್ನಬೇಕು ಎಂಬ ಎರಡು ಸಾಲು ಕರಾರಿನಲ್ಲಿದ್ದರೆ ಲೆಕ್ಕಕ್ಕೆ ಸಿಗುವುದು 60 ಮತ್ತು ಉಳಿದ 22, ಒಟ್ಟು 82. ಕೊರತೆ 28, ಪರಿಹಾರ ಶೇ. 14. ಟ್ರಿಗರ್ ಬದಲಿಸದೆಯೇ ಪರಿಹಾರ ಇಮ್ಮಡಿಯಾಯಿತು. ಕಂತೂ ಏರುತ್ತದೆ, ನಿಜ. ಆದರೆ ಈ ಎರಡು ಸಾಲು ಬಿಟ್ಟು ಕಂತು ಇಳಿಸಿದ ಪಾಲಿಸಿ ಬೆಳೆ ಒಣಗಿದ ವರ್ಷವೇ ಕೈಕೊಡುತ್ತದೆ.

ಇನ್ನೊಂದು ಕೊಂಡಿ ಹಂತ ಶುರುವಾಗುವ ದಿನ. ಕ್ಯಾಲೆಂಡರ್ ದಿನಾಂಕ ಬರೆದರೆ, ಬಿತ್ತನೆ ಮೂರು ವಾರ ತಡವಾದ ವರ್ಷ ಹೂವಿನ ಹಂತದ ಲೆಕ್ಕ ಎಳೆ ಸಸಿಯ ಮೇಲೆ ಬೀಳುತ್ತದೆ. ಅದರ ಬದಲು, ನಿಗದಿತ ದಿನದಿಂದಾಚೆಗೆ ಕೇಂದ್ರದಲ್ಲಿ ಕೂಡಿದ ಮಳೆ ಬಿತ್ತನೆಗೆ ಸಾಕಾಗುವ ಮಟ್ಟ ಮುಟ್ಟಿದ ದಿನದಿಂದ ಎಣಿಕೆ ಶುರು ಎಂದು ಬರೆಯುತ್ತೇನೆ. ಮಟ್ಟ ಮುಟ್ಟದಿದ್ದರೆ ಯಾವ ದಿನದಿಂದ ಎಣಿಸಬೇಕು ಎಂಬುದೂ ಅಲ್ಲೇ ಇರಬೇಕು.

ಇಷ್ಟೆಲ್ಲ ಬರೆದ ಮೇಲೂ ಲೆಕ್ಕ ಕೆಡುವುದು ಮಳೆಮಾಪಕದ ಆಲಿಕೆಯಲ್ಲಿ. ಸ್ವಯಂಚಾಲಿತ ಮಾಪಕದೊಳಗೆ ಸೀಸಾ ಆಟದಂತೆ ಆಚೀಚೆ ವಾಲುವ ಪುಟ್ಟ ಬಟ್ಟಲಿರುತ್ತದೆ. ಒಂದು ವಾಲಿಗೆ 0.2 ಮಿ.ಮೀ. ಎಂಬುದು ಸಾಮಾನ್ಯ. ಆಲಿಕೆಗೆ ಎಲೆ, ಹಕ್ಕಿಯ ಹಿಕ್ಕೆ, ಜೇಡರ ಬಲೆ ಸೇರಿ ಪೂರ್ತಿ ಕಟ್ಟಿಕೊಂಡರೆ ಸುತ್ತಲಿನ ಕೇಂದ್ರಗಳಲ್ಲಿ ಮಳೆಯಾದ ದಿನವೂ ಇಲ್ಲಿ ಸೊನ್ನೆ. ಅದು ಬೇಗ ಸಿಕ್ಕಿಬೀಳುತ್ತದೆ. ಕಪಟ ಇರುವುದು ಅರ್ಧ ಕಟ್ಟಿಕೊಂಡದ್ದರಲ್ಲಿ. ಮುಕ್ಕಾಲು ಗಂಟೆಯ ಜೋರು ಮಳೆ ಗಂಟೆಗಟ್ಟಲೆ ಸೋರುತ್ತಾ ಬಟ್ಟಲಿಗೆ ಇಳಿಯುತ್ತದೆ. ದಿನದ ಮೊತ್ತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಂಟೆವಾರು ಸಾಲು ತೆಗೆದಾಗ ಒಂದೇ ಅಂಕಿ ಇರುಳಿಡೀ ಸಾಲಾಗಿ ಕೂತಿರುತ್ತದೆ. ಮಳೆ ಹಾಗೆ ಬೀಳುವುದಿಲ್ಲ. ಸೋರಿಕೆ ದಿನದ ಗಡಿ ದಾಟಿದರೆ ಮಳೆ ಎರಡು ದಿನಕ್ಕೆ ಹಂಚಿಹೋಗಿ, 60ರ ಮಿತಿಯ ಲೆಕ್ಕವೂ ತಪ್ಪುತ್ತದೆ.

ಋತುವಿಗೆ ಮುಂಚೆ ಮಾಡುವ ಪರೀಕ್ಷೆ ಸರಳ. ಆಲಿಕೆಯ ಬಾಯಿ 200 ಚದರ ಸೆಂ.ಮೀ. ಇದ್ದರೆ 0.2 ಮಿ.ಮೀ. ಅಂದರೆ 4 ಮಿ.ಲೀ. ನೀರು. ತಳದಲ್ಲಿ ಸಣ್ಣ ತೂತಿರುವ ಬಾಟಲಿಯಿಂದ 400 ಮಿ.ಲೀ.ಯನ್ನು ಸುಮಾರು ಒಂದು ಗಂಟೆ ಹನಿಹನಿಯಾಗಿ ಬಿಟ್ಟರೆ ಬಟ್ಟಲು ಹತ್ತಿರಹತ್ತಿರ 100 ಸಲ ವಾಲಬೇಕು. ಗಡಿಬಿಡಿಯಲ್ಲಿ ಒಮ್ಮೆಗೇ ಸುರಿಯಬೇಡಿ. ವಾಲುವ ಕ್ಷಣದಲ್ಲಿ ಬೀಳುವ ನೀರು ಎಣಿಕೆ ತಪ್ಪಿಸಿಕೊಂಡು, ಸರಿಯಿರುವ ಮಾಪಕವೂ ಕಡಿಮೆ ತೋರಿಸುತ್ತದೆ. ಪರೀಕ್ಷೆಯ ನೀರು ಮಳೆಯ ದಾಖಲೆಗೆ ಸೇರದಂತೆ ದಿನ, ಗಂಟೆ ಬರೆದಿಡಿ.

ಕೊನೆಯದು, ಖಾಲಿ ಮನೆ. ಬ್ಯಾಟರಿ ಸತ್ತು ಐದು ದಿನ ದತ್ತಾಂಶ ಬಾರದಿದ್ದರೆ ಕಡತದಲ್ಲಿ ಆ ಜಾಗ ಖಾಲಿ ಇರಬೇಕು, ಸೊನ್ನೆಯಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಕೂಡಿದಾಗ ಎರಡೂ ಒಂದೇ ಮೊತ್ತ ಕೊಡುವುದರಿಂದ ಕೂಡುವ ಮೊದಲು ಬಂದ ದಿನಗಳನ್ನು ಎಣಿಸುತ್ತೇನೆ. 40 ದಿನಕ್ಕೆ 40 ಅಂಕಿ ಇದೆಯೇ ಎಂದು. ಇಲ್ಲದಿದ್ದರೆ ಆ ದಿನಗಳಿಗೆ ಬದಲಿ ಕೇಂದ್ರದ ಅಂಕಿ. ಆ ಕೇಂದ್ರ ಯಾವುದೆಂದು ಪಾಲಿಸಿ ಮಾರುವ ಮೊದಲೇ ಬರೆದಿರಬೇಕು. ಋತು ಮುಗಿದ ಮೇಲೆ ಆರಿಸಲು ಹೊರಟರೆ ರೈತರು ಒಣ ಕೇಂದ್ರ ತೋರಿಸುತ್ತಾರೆ, ವಿಮೆಯವರು ಒದ್ದೆ ಕೇಂದ್ರ ತೋರಿಸುತ್ತಾರೆ.